ಪೆನ್ಷನ್ ಫಂಡ್ ಶೇ. 82ಕ್ಕೆ ಇಳಿದಿದೆ ಅಂದರೆ ನನ್ನ ಪೆನ್ಷನ್‌ನಲ್ಲಿ ಶೇ. 18 ಹೋಯ್ತು ಅಂತಾನಾ?

ಬೆಳ್ಳಿಚುಕ್ಕಿ

ನಮ್ಮ ಸಂಸ್ಥೆಯ ಪೆನ್ಷನ್ ಫಂಡ್‌ನಿಂದ ಕಳೆದ ವಾರ ಎಲ್ಲ ಸದಸ್ಯರಿಗೂ ಪತ್ರ ಬಂದಿದೆ. ಫಂಡ್‌ನಲ್ಲಿರುವ ದುಡ್ಡು ಮುಂದೆ ಕೊಡಬೇಕಾದ ಪೆನ್ಷನ್‌ಗಳಿಗೆ ಸಾಕಾಗುತ್ತಾ ಅಂತ ಲೆಕ್ಕ ಹಾಕುವ ಹೊಸ ಆಕ್ಚುಯರಿಯಲ್ ವ್ಯಾಲ್ಯುಯೇಷನ್ ಮುಗಿದಿದೆಯಂತೆ. ಆಸ್ತಿ 820 ಕೋಟಿ, ಬಾಧ್ಯತೆ 1,000 ಕೋಟಿ, ಫಂಡಿಂಗ್ ಅನುಪಾತ ಶೇ. 82, ಕೊರತೆ 180 ಕೋಟಿ. ಮೂರು ವರ್ಷದ ಹಿಂದಿನ ವ್ಯಾಲ್ಯುಯೇಷನ್‌ನಲ್ಲಿ ಆಸ್ತಿ 760, ಬಾಧ್ಯತೆ 800, ಅನುಪಾತ ಶೇ. 95 ಇತ್ತು. ಆಗ ಕೊರತೆ ಬರೀ 40 ಕೋಟಿ.

ನಮ್ಮದು ಕೊನೆಯ ಸಂಬಳ ಮತ್ತು ಸೇವೆಯ ವರ್ಷಗಳ ಮೇಲೆ ಲೆಕ್ಕ ಹಾಕಿ ಕೊಡುವ ಪೆನ್ಷನ್. ನನಗೆ 51 ವರ್ಷ, 60ಕ್ಕೆ ನಿವೃತ್ತಿ. ಆಫೀಸಿನಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ. ಕೆಲವರು ಈಗಲೇ ತಮ್ಮ ಪಾಲಿನ ಮೊತ್ತ ತೆಗೆದುಕೊಂಡು ಹೊರಗೆ ಬರಬೇಕು ಅಂತಿದ್ದಾರೆ. ನಿಜವಾಗಿ ನನ್ನ ಪೆನ್ಷನ್‌ನಲ್ಲಿ ಶೇ. 18 ಕಡಿಮೆಯಾಗುತ್ತಾ? ಮೂರೇ ವರ್ಷದಲ್ಲಿ 140 ಕೋಟಿ ಎಲ್ಲಿ ಹೋಯಿತು?

ನಿವೃತ್ತಜೀವಿ

ಎಲ್ಲಿ ಹೋಗುತ್ತೆ, ಯಾರೋ ನುಂಗಿದ್ದಾರೆ ಅಥವಾ ಶೇರು ಮಾರ್ಕೆಟ್ಟಿನಲ್ಲಿ ಕಳೆದಿದ್ದಾರೆ. ನಾನು ನಿವೃತ್ತನಾಗಿ ಬಹಳ ವರ್ಷವಾಯಿತು, ಇದೇ ತರಹದ ಫಂಡ್‌ನಿಂದಲೇ ಪೆನ್ಷನ್ ಬರುತ್ತಿದೆ. ಇಂಥ ಪತ್ರ ಬಂದಾಗಲೆಲ್ಲ ರಾತ್ರಿ ನಿದ್ದೆ ಬರಲ್ಲ. ಲೆಕ್ಕಪತ್ರ ತೋರಿಸಿ ಅಂತ ಎಲ್ಲರೂ ಸೇರಿ ಕೇಳಬೇಕು.

ನೇರನುಡಿ

ಇಷ್ಟಕ್ಕೆಲ್ಲ ಹೆದರಬೇಡಿ. ಶೇ. 80ರ ಮೇಲಿದ್ದರೆ ಫಂಡ್ ಆರೋಗ್ಯವಾಗಿದೆ ಅಂತಲೇ ಲೆಕ್ಕ. ನಿಮ್ಮದು 82. ಇನ್ನೊಂದು ವಿಷಯ, ಆ 1,000 ಕೋಟಿ ಇವತ್ತೇ ಕೊಡಬೇಕಾದ ದುಡ್ಡಲ್ಲ. ಮುಂದಿನ ಐವತ್ತು, ಅರವತ್ತು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡುವುದು. 820 ಕೋಟಿ ಕೈಯಲ್ಲಿದ್ದಾಗ ನಾಳೆ ಪೆನ್ಷನ್ ನಿಲ್ಲುವ ಪ್ರಶ್ನೆಯೇ ಇಲ್ಲ.

ಲೆಕ್ಕದಮನೆ

ನಾನು ಹಲವು ವರ್ಷ ಪೆನ್ಷನ್ ವ್ಯಾಲ್ಯುಯೇಷನ್ ಕೆಲಸವನ್ನೇ ಮಾಡಿದವನು.

ನೇರನುಡಿಯವರು ಹೇಳಿದ್ದರಲ್ಲಿ ಎರಡನೇ ಮಾತು ಸರಿ. ನಾಳೆ ಪೆನ್ಷನ್ ನಿಲ್ಲಲ್ಲ. ಆದರೆ ಶೇ. 80 ಅನ್ನುವ ಗೆರೆಗೆ ಯಾವ ಆಧಾರವೂ ಇಲ್ಲ. ಅಮೆರಿಕದ ಆಕ್ಚುಯರಿಗಳ ಅಕಾಡೆಮಿ 2012ರಲ್ಲೇ ಇದು ಬರೀ ನಂಬಿಕೆ ಅಂತ ಬರೆದು ಪ್ರಕಟಿಸಿತ್ತು. ಗುರಿ ಯಾವಾಗಲೂ ಶೇ. 100. ಹಿಂದೆ ಬೀಳುವುದು ತಪ್ಪೇನಲ್ಲ, ಆದರೆ ಮತ್ತೆ 100ಕ್ಕೆ ತಲುಪುವ ದಾರಿ ಇದೆಯಾ ಅನ್ನುವುದು ಮುಖ್ಯ. ಗಟ್ಟಿ ಸಂಸ್ಥೆಯೊಂದು ಬೆನ್ನಿಗಿರುವ ಶೇ. 70ರ ಫಂಡ್, ಮುಳುಗುತ್ತಿರುವ ಸಂಸ್ಥೆಯ ಶೇ. 90ರ ಫಂಡ್‌ಗಿಂತ ಎಷ್ಟೋ ಸುರಕ್ಷಿತ.

ಬೆಳ್ಳಿಚುಕ್ಕಿಯವರೇ, 140 ಕೋಟಿ ಎಲ್ಲಿ ಹೋಯಿತು ಅನ್ನುವ ಪ್ರಶ್ನೆಗೆ ಉತ್ತರ ಪತ್ರದಲ್ಲಿರಲ್ಲ. ಪೂರ್ತಿ ವ್ಯಾಲ್ಯುಯೇಷನ್ ವರದಿ ಕೇಳಿ ತರಿಸಿ. ಅದರಲ್ಲಿ ಹಳೇ ಕೊರತೆಯಿಂದ ಹೊಸ ಕೊರತೆಗೆ ಹೇಗೆ ಬಂದೆವು ಅನ್ನುವ ಒಂದು ಪಟ್ಟಿ ಇರುತ್ತೆ. ಅದನ್ನು ಇಲ್ಲಿ ಹಾಕಿ, ಒಟ್ಟಿಗೆ ಓದೋಣ.

ತುಂತುರು

ನನ್ನ ಪೆನ್ಷನ್ ಅಕೌಂಟ್‌ನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಕಾಣುತ್ತೆ, ಆದರೆ ಈ ಅನುಪಾತ ಎಲ್ಲೂ ಕಾಣುತ್ತಿಲ್ಲ. ನನ್ನದೂ ಕೊರತೆಯಲ್ಲಿದೆಯಾ ಅಂತ ತಿಳಿಯುವುದು ಹೇಗೆ? ಹೋದ ವರ್ಷ ಬ್ಯಾಲೆನ್ಸ್ ಸ್ವಲ್ಪ ಇಳಿದಿತ್ತು.

ಲೆಕ್ಕದಮನೆ

ತುಂತುರು ಅವರೇ, ನಿಮ್ಮದು ನಿಮ್ಮ ಹೆಸರಿನಲ್ಲೇ ಕೂಡುವ ಹಣ. ಕೂಡಿದ್ದು ಎಷ್ಟೋ ಅಷ್ಟೇ ನಿಮ್ಮದು. ಇಷ್ಟು ಪೆನ್ಷನ್ ಕೊಟ್ಟೇ ಕೊಡುತ್ತೇವೆ ಅಂತ ಯಾರೂ ಮಾತು ಕೊಟ್ಟಿಲ್ಲ, ಹಾಗಾಗಿ ಕೊರತೆ ಅನ್ನುವುದೂ ಇಲ್ಲ. ಬ್ಯಾಲೆನ್ಸ್ ಇಳಿದರೆ ನಷ್ಟ ನೇರವಾಗಿ ನಿಮ್ಮದೇ. ಈ ಚರ್ಚೆ ಪೆನ್ಷನ್ ಇಷ್ಟು ಅಂತ ಮೊದಲೇ ಮಾತು ಕೊಟ್ಟಿರುವ ಫಂಡ್‌ಗಳದ್ದು.

ಬೆಳ್ಳಿಚುಕ್ಕಿ

ವರದಿ ಸಿಕ್ಕಿತು ಸರ್. ಎಚ್.ಆರ್. ಕೇಳಿದ ತಕ್ಷಣ ಕೊಟ್ಟರು, ಇಷ್ಟು ದಿನ ಯಾರೂ ಕೇಳಿಯೇ ಇರಲಿಲ್ಲವಂತೆ. ನೀವು ಹೇಳಿದ ಪಟ್ಟಿ ಹೀಗಿದೆ, ಎಲ್ಲ ಕೋಟಿಯಲ್ಲಿ:

ಹಿಂದಿನ ಕೊರತೆ 40
ಅದರ ಮೇಲೆ ಮೂರು ವರ್ಷದ ಬಡ್ಡಿ +9
ಸಂಸ್ಥೆ ಕೊಟ್ಟ ಹೆಚ್ಚುವರಿ ವಂತಿಗೆ −20
ಹೂಡಿಕೆ ಗಳಿಕೆ ಅಂದಾಜಿಗಿಂತ ಕಡಿಮೆ +35
ಸಂಬಳ ಅಂದಾಜಿಗಿಂತ ಜಾಸ್ತಿ ಏರಿದ್ದು +12
ಡಿಸ್ಕೌಂಟ್ ದರ ಶೇ. 7ರಿಂದ 6.25ಕ್ಕೆ ಇಳಿಸಿದ್ದು +90
ಹೊಸ ಆಯುಷ್ಯ ಕೋಷ್ಟಕ +14
ಈಗಿನ ಕೊರತೆ 180

ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. 90 ಕೋಟಿ ಅಂತ ಇರುವ ಸಾಲೇ ದೊಡ್ಡದು. ಅದೇ ಗೊತ್ತಾಗುತ್ತಿಲ್ಲ.

ಲೆಕ್ಕದಮನೆ

ಒಳ್ಳೇ ವರದಿ. ಇಷ್ಟು ಸ್ಪಷ್ಟವಾಗಿ ಎಲ್ಲರೂ ಕೊಡಲ್ಲ.

ಕೊನೆಯ ಎರಡು ಸಾಲು ಕೂಡಿಸಿ. 90 ಮತ್ತು 14, ಒಟ್ಟು 104. ಅಂದರೆ ಹೆಚ್ಚಾದ 140ರಲ್ಲಿ 104 ಕೋಟಿಯನ್ನು ಯಾರೂ ಕಳೆದಿಲ್ಲ, ಯಾರೂ ನುಂಗಿಯೂ ಇಲ್ಲ. ಭವಿಷ್ಯವನ್ನು ನೋಡುವ ರೀತಿ ಬದಲಾಗಿದೆ, ಅಷ್ಟೆ. ನಿಮಗೆ ಕೊಡಬೇಕಾದ ಪೆನ್ಷನ್ ಅದೇ ಇದೆ. ಅದನ್ನು ಇವತ್ತಿನ ಬೆಲೆಗೆ ಇಳಿಸುವ ದರ ಬೇರೆಯಾಯಿತು, ಜೊತೆಗೆ ನೀವೆಲ್ಲ ಇನ್ನೂ ಸ್ವಲ್ಪ ಹೆಚ್ಚು ಕಾಲ ಬದುಕುತ್ತೀರಿ ಅಂತ ಒಪ್ಪಿಕೊಂಡರು.

ದರದ ವಿಷಯ ಹೀಗೆ. ಇನ್ನು 20 ವರ್ಷಕ್ಕೆ ನಿಮಗೆ 100 ಕೊಡಬೇಕು ಅಂದುಕೊಳ್ಳಿ. ಅದಕ್ಕಾಗಿ ಇವತ್ತು ಎಷ್ಟು ಎತ್ತಿಡಬೇಕು? ಇಟ್ಟ ದುಡ್ಡು ವರ್ಷಕ್ಕೆ ಎಷ್ಟು ಬೆಳೆಯುತ್ತೆ ಅನ್ನುವುದರ ಮೇಲೆ ನಿಂತಿದೆ.

```
100 / 1.07^20 = 25.8
100 / 1.06^20 = 31.2
100 / 1.05^20 = 37.7
```

ಕೊಡಬೇಕಾದ 100 ಬದಲಾಗಲೇ ಇಲ್ಲ. ಆದರೆ ದರ ಒಂದು ಪಾಯಿಂಟ್ ಇಳಿದರೆ ಇವತ್ತು ಎತ್ತಿಡಬೇಕಾದ ಮೊತ್ತ ಐದನೇ ಒಂದು ಭಾಗದಷ್ಟು ಏರುತ್ತೆ. ಇದು 20 ವರ್ಷ ದೂರದ ಒಂದೇ ಪಾವತಿಗೆ. ಫಂಡ್‌ನಲ್ಲಿ ಮುಂದಿನ ತಿಂಗಳು ಕೊಡಬೇಕಾದ್ದೂ ಇರುತ್ತೆ, 40 ವರ್ಷದ ನಂತರ ಕೊಡಬೇಕಾದ್ದೂ ಇರುತ್ತೆ. ನಿಮ್ಮ ಫಂಡ್‌ಗೆ ಮುಕ್ಕಾಲು ಪಾಯಿಂಟ್ ಇಳಿಕೆಯಿಂದ ಬಾಧ್ಯತೆ ಸುಮಾರು ಶೇ. 10 ಏರಿದೆ. ಈ ತರಹದ ಫಂಡ್‌ಗೆ ಅದು ಸಹಜ ಅಳತೆ.

ಹೂಡಿಕೆಯ ಸಾಲನ್ನೂ ನೋಡಿ. ನಿವೃತ್ತಜೀವಿ ಸರ್, ಇಲ್ಲಿ ದುಡ್ಡು ಮುಳುಗಿಲ್ಲ. ವರ್ಷಕ್ಕೆ ಶೇ. 7 ಬರುತ್ತೆ ಅಂತ ಅಂದಾಜಿತ್ತು. 760 ಕೋಟಿಯ ಮೇಲೆ ಮೂರು ವರ್ಷದಲ್ಲಿ 35 ಕೋಟಿ ಕಡಿಮೆ ಅಂದರೆ ವರ್ಷಕ್ಕೆ ಸುಮಾರು ಶೇ. 5.5 ಬಂದಿರಬೇಕು. ಲಾಭ ಬಂದಿದೆ, ಆದರೆ ಸಾಲದಷ್ಟು ಬಂದಿಲ್ಲ. ಪೆನ್ಷನ್ ಫಂಡ್‌ನಲ್ಲಿ ಅಂದಾಜಿಗಿಂತ ಕಡಿಮೆ ಲಾಭ ಬಂದರೆ ಅದೂ ಕೊರತೆಯೇ.

ನಿವೃತ್ತಜೀವಿ

ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಆದರೂ ಒಂದು ಪ್ರಶ್ನೆ. ದರ ಇಳಿಸಿದರೆ ಕೊರತೆ ಏರುತ್ತೆ ಅಂದರೆ, ದರ ಏರಿಸಿ ಕೊರತೆ ಮಾಯ ಮಾಡಬಹುದಲ್ವಾ?

ಲೆಕ್ಕದಮನೆ

ಮಾಡಬಹುದು, ಮಾಡಿದ್ದಾರೆ ಕೂಡ. ಅದಕ್ಕೇ ಅನುಪಾತವನ್ನು ಒಂದೇ ನೋಡಬಾರದು, ಪಕ್ಕದಲ್ಲಿ ಡಿಸ್ಕೌಂಟ್ ದರ ಇರಲೇಬೇಕು. ಶೇ. 8ರ ದರದಲ್ಲಿ ಲೆಕ್ಕ ಹಾಕಿದ ಶೇ. 95ಕ್ಕಿಂತ ಶೇ. 6ರ ದರದಲ್ಲಿ ಲೆಕ್ಕ ಹಾಕಿದ ಶೇ. 82 ಹೆಚ್ಚು ಗಟ್ಟಿ ಇರಬಹುದು. ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿ ಅರ್ಜಿ ಹಾಕಿತಲ್ಲ, ಆಗ ಅಲ್ಲಿನ ನೌಕರರ ಫಂಡ್‌ಗಳ ದರವನ್ನು ಶೇ. 8ರ ಆಸುಪಾಸಿನಿಂದ 6.75ಕ್ಕೆ ಇಳಿಸಿದರು. ಅಲ್ಲಿಯವರೆಗೆ ಕಾಣದಿದ್ದ ಕೊರತೆಯ ದೊಡ್ಡ ಭಾಗ ಆಗ ಕಾಗದದ ಮೇಲೆ ಬಂತು.

ತಿರುಗಾ ಮುರುಗಾ ಕೂಡ ಆಗುತ್ತೆ. 2022ರಲ್ಲಿ ಬ್ರಿಟನ್‌ನ ಸರ್ಕಾರಿ ಬಾಂಡ್‌ಗಳ ಬಡ್ಡಿ ಜೋರಾಗಿ ಏರಿತು. ಅಲ್ಲಿನ ಫಂಡ್‌ಗಳ ಆಸ್ತಿಯ ಬೆಲೆ ಕುಸಿಯಿತು. ಆದರೆ ಡಿಸ್ಕೌಂಟ್ ದರವೂ ಜೊತೆಗೇ ಏರಿ ಬಾಧ್ಯತೆ ಅದಕ್ಕಿಂತ ಹೆಚ್ಚು ಕುಸಿದದ್ದರಿಂದ ಬಹಳಷ್ಟು ಫಂಡ್‌ಗಳ ಅನುಪಾತ ಸುಧಾರಿಸಿತು.

ಕಡತ

ನಾನು ನಮ್ಮ ಫಂಡ್‌ನಲ್ಲಿ ಸದಸ್ಯರ ಪರವಾಗಿ ಆಯ್ಕೆಯಾದ ಟ್ರಸ್ಟಿ. ದರದ ವಿಷಯದಲ್ಲಿ ಲೆಕ್ಕದಮನೆಯವರ ಜೊತೆ ನನಗೆ ಒಂದು ಭಿನ್ನಾಭಿಪ್ರಾಯ ಇದೆ. ಪೆನ್ಷನ್ ಅಂದರೆ ಖಚಿತ ಮಾತು. ಅದರ ಬೆಲೆಯನ್ನು ಶೇರುಗಳಿಂದ ಬರಬಹುದು ಅಂತ ಊಹಿಸಿದ ಗಳಿಕೆಯಿಂದ ಅಳೆಯುವುದೇ ಸರಿಯಲ್ಲ. ಸರ್ಕಾರಿ ಬಾಂಡ್‌ನ ಬಡ್ಡಿಯಲ್ಲೇ ಅಳೆಯಬೇಕು. ಹಾಗೆ ನೋಡಿದರೆ ಇವರ 6.25 ಕೂಡ ಜಾಸ್ತಿಯೇ.

ಲೆಕ್ಕದಮನೆ

ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ನಿಮ್ಮ ಕಡೆಗೇ ಇದ್ದಾರೆ ಸರ್. ನನ್ನ ವಾದ ಇಷ್ಟೆ. ಇವತ್ತು ಫಂಡ್ ಮುಚ್ಚಿದರೆ ಏನಾಗುತ್ತೆ ಅಂತ ತಿಳಿಯಲು ಬಾಂಡ್ ದರ ಬೇಕು. ಪ್ರತಿ ವರ್ಷ ಎಷ್ಟು ವಂತಿಗೆ ಹಾಕಬೇಕು ಅಂತ ತೀರ್ಮಾನಿಸಲು ನಿರೀಕ್ಷಿತ ಗಳಿಕೆಯ ದರ ಬೇಕು. ಎರಡನೆಯದಕ್ಕೂ ಬಾಂಡ್ ದರವನ್ನೇ ಹಾಕಿದರೆ ಈಗಿನ ತಲೆಮಾರು ವಿಪರೀತ ಕಟ್ಟಬೇಕಾಗುತ್ತೆ.

ಕಡತ

ಕಡಿಮೆ ಕಟ್ಟಿದರೆ ಅದರ ಹೊರೆ ಮುಂದಿನ ತಲೆಮಾರಿನ ತಲೆ ಮೇಲೆ. ಈ ಮಾತನ್ನು ನಾನು ಬಿಡಲ್ಲ. ಆದರೆ ಬೆಳ್ಳಿಚುಕ್ಕಿಯವರ ಪ್ರಶ್ನೆ ಅಲ್ಲಿಗೇ ನಿಂತಿದೆ, ಅದಕ್ಕೆ ಬರೋಣ.

ಮೇಡಂ, ಕೊರತೆ ಇದೆ ಅಂದಾಕ್ಷಣ ನಿಮ್ಮ ಪೆನ್ಷನ್ ಇಳಿಯಲ್ಲ. ನಿಮ್ಮ ಸಂಬಳ, ಸೇವೆಯ ವರ್ಷ, ನಿಯಮಾವಳಿಯ ಸೂತ್ರ, ಈ ಮೂರೂ ಹಾಗೇ ಇವೆ. 180 ಕೋಟಿ ತುಂಬುವ ಜವಾಬ್ದಾರಿ ಸಾಮಾನ್ಯವಾಗಿ ಮೊದಲು ಸಂಸ್ಥೆಯದ್ದು. ಆದರೆ ನಿಮ್ಮ ನಿಯಮಾವಳಿ ಏನು ಹೇಳುತ್ತೆ ಅಂತ ಓದಿ. ಕೆಲವು ಫಂಡ್‌ಗಳಲ್ಲಿ ಕೊರತೆಯನ್ನು ಸದಸ್ಯರೂ ಹಂಚಿಕೊಳ್ಳಬೇಕು ಅಂತ ಬರೆದಿರುತ್ತೆ.

ವರದಿಯಲ್ಲಿ ಕೊರತೆ ತುಂಬುವ ಯೋಜನೆ ಇದೆಯಾ? ವರ್ಷಕ್ಕೆ ಎಷ್ಟು, ಎಷ್ಟು ವರ್ಷ?

ಬೆಳ್ಳಿಚುಕ್ಕಿ

ಇದೆ. ಸಂಸ್ಥೆ ವರ್ಷಕ್ಕೆ 10 ಕೋಟಿ ಹೆಚ್ಚುವರಿಯಾಗಿ ಕೊಡುತ್ತೆ ಅಂತಿದೆ. 18 ವರ್ಷ. 10 ಇಂಟು 18 ಅಂದರೆ 180, ಸರಿಹೋಯಿತಲ್ವಾ?

ಲೆಕ್ಕದಮನೆ

ಇಲ್ಲ ಮೇಡಂ, ಇದೇ ಈ ವರದಿಯಲ್ಲಿ ನೀವು ಗಟ್ಟಿಯಾಗಿ ಹಿಡಿಯಬೇಕಾದ ಜಾಗ. ಕೊರತೆ ಸಾಲದ ಹಾಗೆ ಬೆಳೆಯುತ್ತೆ. ಇಲ್ಲದ 180 ಕೋಟಿ ಹೂಡಿಕೆಯಲ್ಲಿ ಕೂತಿಲ್ಲ, ಆದ್ದರಿಂದ ಗಳಿಸುವುದೂ ಇಲ್ಲ. ಬಾಧ್ಯತೆ ಮಾತ್ರ ವರ್ಷಕ್ಕೆ ಶೇ. 6.25 ಬೆಳೆಯುತ್ತಲೇ ಇರುತ್ತೆ. 180ರ ಮೇಲೆ ಶೇ. 6.25 ಅಂದರೆ ವರ್ಷಕ್ಕೆ 11.25 ಕೋಟಿ. ಸಂಸ್ಥೆ ಕೊಡುವುದು 10. ಅಂದರೆ ಬಡ್ಡಿಯೂ ತೀರಲ್ಲ. ಎಲ್ಲ ಅಂದಾಜೂ ಸರಿಯಾಗಿ ನಡೆದರೂ ಮುಂದಿನ ವರ್ಷ ಕೊರತೆ 181.25 ಆಗುತ್ತೆ, ಅದರ ಮುಂದಿನ ವರ್ಷ ಇನ್ನೂ ಜಾಸ್ತಿ. 18 ವರ್ಷದ ನಂತರ ನೋಡಿದರೆ 180ಕ್ಕಿಂತ ದೊಡ್ಡ ಕೊರತೆ ಇರುತ್ತೆ.

12 ವರ್ಷದಲ್ಲಿ ನಿಜವಾಗಿ ತುಂಬಬೇಕಾದರೆ ವರ್ಷಕ್ಕೆ ಸುಮಾರು 21.8 ಕೋಟಿ ಬೇಕು. ಎರಡು ಪಟ್ಟಿಗಿಂತ ಜಾಸ್ತಿ. ಸಂಸ್ಥೆ ಅದನ್ನು ಕೊಡಬಲ್ಲದಾ, ಕೊಡಲು ಸಿದ್ಧವಿದೆಯಾ? ಶೇ. 82 ಅನ್ನುವುದಕ್ಕಿಂತ ಈ ಪ್ರಶ್ನೆ ನಿಮಗೆ ಹೆಚ್ಚು ಮುಖ್ಯ.

ಬೆಳ್ಳಿಚುಕ್ಕಿ

ಇನ್ನೊಂದು ಟಿಪ್ಪಣಿ ಕಣ್ಣಿಗೆ ಬಿತ್ತು. ಸಂಸ್ಥೆಯ ಒಟ್ಟು ಸಂಬಳದ ಆಧಾರದ ಮೇಲೆ ವಂತಿಗೆ ಪ್ರತಿ ವರ್ಷ ಏರುತ್ತೆ ಅಂತಿದೆ.

ಲೆಕ್ಕದಮನೆ

ಹಾಗಾದರೆ ಸ್ವಲ್ಪ ವ್ಯತ್ಯಾಸ ಆಗುತ್ತೆ. ವರ್ಷಕ್ಕೆ ಶೇ. 5ರಂತೆ ಏರಿದರೆ ಮೂರು ವರ್ಷದಲ್ಲಿ ಬಡ್ಡಿಯನ್ನು ದಾಟುತ್ತೆ, ಆಮೇಲೆ ಕೊರತೆ ನಿಧಾನವಾಗಿ ಇಳಿಯಲು ಶುರುವಾಗುತ್ತೆ. ಆದರೆ ಅದು ಸಂಬಳದ ಮೊತ್ತ ಏರುತ್ತಲೇ ಇರುತ್ತೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಗಿದ್ದರೆ ಆ ನಂಬಿಕೆ ಉಳಿಯಲ್ಲ. ಆಗ ಹೊರೆಯನ್ನು ಮುಂದಿನ ವರ್ಷಗಳಿಗೆ ತಳ್ಳಿದಂತಾಗುತ್ತೆ.

ಕಿರಿಯಸದಸ್ಯ

ನನಗೆ 29. ನಮ್ಮ ಫಂಡ್‌ನಲ್ಲೂ ಕೊರತೆ ಇದೆ. ನಮ್ಮಲ್ಲಿ ಪರಿಹಾರ ಅಂತ ಸದಸ್ಯರ ವಂತಿಗೆ ಏರಿಸಿದರು. ಹೊಸಬರಿಗೆ ಪೆನ್ಷನ್ ಸೂತ್ರವನ್ನೂ ಇಳಿಸಿದರು. ಈಗಾಗಲೇ ಪೆನ್ಷನ್ ತಗೊಳ್ಳುತ್ತಿರುವವರಿಗೆ ಏನೂ ಆಗಲಿಲ್ಲ. ಇದು ನ್ಯಾಯವಾ? ನಾವು ಕಟ್ಟುವುದು ನಮ್ಮ ಪೆನ್ಷನ್‌ಗಲ್ಲ, ಹಳಬರ ಕೊರತೆಗೆ ಅನಿಸುತ್ತೆ.

ನಿವೃತ್ತಜೀವಿ

ತಮ್ಮಾ, ನಿನ್ನ ಬೇಸರ ಅರ್ಥವಾಗುತ್ತೆ. ಆದರೆ ನಮಗೆ ಏನೂ ಆಗಲಿಲ್ಲ ಅನ್ನಬೇಡ. ನಮ್ಮ ಫಂಡ್‌ನಲ್ಲಿ ಬೆಲೆ ಏರಿಕೆಗೆ ತಕ್ಕಂತೆ ಪೆನ್ಷನ್ ಏರಿಸುವುದನ್ನು ನಿಲ್ಲಿಸಿ ಹಲವು ವರ್ಷವಾಯಿತು. ಪತ್ರದಲ್ಲಿ ಅದನ್ನು ಕಡಿತ ಅಂತ ಕರೆಯಲೇ ಇಲ್ಲ. ತಿಂಗಳ ಮೊತ್ತ ಅದೇ ಬರುತ್ತೆ, ಅದರಲ್ಲಿ ಸಿಗುವ ಸಾಮಾನು ಮಾತ್ರ ವರ್ಷ ವರ್ಷ ಕಡಿಮೆ.

ಲೆಕ್ಕದಮನೆ

ನಿವೃತ್ತಜೀವಿ ಸರ್ ಹೇಳಿದ್ದು ಬಹಳ ಮುಖ್ಯ. ಕೊರತೆ ತುಂಬಲು ಇದು ಸಾಮಾನ್ಯವಾಗಿ ಮೊದಲು ಕೈಗೆ ಸಿಗುವ ದಾರಿ, ಯಾಕೆಂದರೆ ಬಹಳ ಫಂಡ್‌ಗಳಲ್ಲಿ ಏರಿಕೆ ಹಕ್ಕಲ್ಲ, ಟ್ರಸ್ಟಿಗಳ ಇಚ್ಛೆ. ವರ್ಷಕ್ಕೆ ಶೇ. 4 ಬೆಲೆ ಏರಿದರೆ, ಏರದ ಪೆನ್ಷನ್‌ನ ನಿಜವಾದ ಬೆಲೆ 20 ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ, ಸುಮಾರು ಶೇ. 46ಕ್ಕೆ ಬರುತ್ತೆ. ಡೆಟ್ರಾಯಿಟ್‌ನಲ್ಲಿ ಸಾಮಾನ್ಯ ನೌಕರರ ಪೆನ್ಷನ್ ಶೇ. 4.5 ಕಡಿತವಾಯಿತು ಅಂತ ಸುದ್ದಿಯಾಯಿತು. ಜೊತೆಗೆ ವಾರ್ಷಿಕ ಏರಿಕೆಯನ್ನೂ ಪೂರ್ತಿ ತೆಗೆದರು. ಬಹಳ ವರ್ಷ ಬದುಕುವವರಿಗೆ ಎರಡನೆಯದೇ ದೊಡ್ಡ ಪೆಟ್ಟು.

ಕಿರಿಯಸದಸ್ಯರೇ, ನಿಮ್ಮ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿಲ್ಲ. ಆದರೆ ನಿಮ್ಮ ವಂತಿಗೆಯಲ್ಲಿ ಈ ವರ್ಷದ ಸೇವೆಗೆ ಎಷ್ಟು, ಹಳೇ ಕೊರತೆಗೆ ಎಷ್ಟು ಅಂತ ಬೇರೆ ಬೇರೆ ಹೇಳಿ ಅಂತ ಕೇಳಬಹುದು. ವರದಿಯಲ್ಲಿ ಆ ಎರಡು ಅಂಕಿಗಳೂ ಇರಲೇಬೇಕು. ಅವು ಕೈಗೆ ಬಂದ ಮೇಲೆ ಮಾತಾಡುವ ರೀತಿಯೇ ಬೇರೆಯಾಗುತ್ತೆ.

ಬೆಳ್ಳಿಚುಕ್ಕಿ

ಈಗ ನನ್ನ ಕೊನೆಯ ಪ್ರಶ್ನೆ. ಹೊರಗೆ ಹೋಗುವವರ ಕಥೆ ಏನು? ಮೊತ್ತ ತೆಗೆದುಕೊಂಡು ಹೋದರೆ ಪೂರ್ತಿ ಸಿಗುತ್ತೆ ಅಂತ ನನ್ನ ಸಹೋದ್ಯೋಗಿ ಹೇಳುತ್ತಾರೆ.

ಕಡತ

ಇದು ಟ್ರಸ್ಟಿಗಳಿಗೆ ತಲೆನೋವಿನ ವಿಷಯ ಮೇಡಂ. ಪೂರ್ತಿ ಮೊತ್ತ ಕೊಟ್ಟರೆ ಉಳಿದವರ ಪಾಲಿನಿಂದ ಕೊಟ್ಟಂತೆ. ನಿಮ್ಮ ಅಂಕಿಯಲ್ಲೇ ನೋಡಿ. 200 ಕೋಟಿ ಬಾಧ್ಯತೆಯ ಸದಸ್ಯರು ಪೂರ್ತಿ 200 ತೆಗೆದುಕೊಂಡು ಹೋದರೆ ಉಳಿಯುವುದು 620 ಆಸ್ತಿ, 800 ಬಾಧ್ಯತೆ. ಅನುಪಾತ ಶೇ. 77.5. ಕೊರತೆ ಅದೇ 180, ಹೊರುವವರು ಕಡಿಮೆ. ಆದ್ದರಿಂದ ಎಷ್ಟೋ ಫಂಡ್‌ಗಳಲ್ಲಿ ಕೊರತೆ ಇದ್ದಾಗ ಹೊರಹೋಗುವ ಮೊತ್ತವನ್ನು ಅನುಪಾತಕ್ಕೆ ತಕ್ಕಂತೆ ಇಳಿಸಲು ಅವಕಾಶ ಇರುತ್ತೆ.

ಇಳಿಸಿದ ಮೊತ್ತ ತೆಗೆದುಕೊಂಡು ಹೋದರೆ ಆ ಶೇ. 18 ನಿಮಗೆ ಆಗ ನಿಜವಾದ ನಷ್ಟ. ಒಳಗಿದ್ದರೆ ಅದು ಸಂಸ್ಥೆ ನಿಮಗೆ ಕೊಡಬೇಕಾದ ಬಾಕಿ.

ನೇರನುಡಿ

ಹಾಗಾದರೆ ಉಳಿಯುವುದೇ ಸರಿ ಅಂತಾಯಿತು.

ಲೆಕ್ಕದಮನೆ

ಸಂಸ್ಥೆ ಉಳಿಯುವವರೆಗೆ. ಅದು ಮುಚ್ಚಿದರೆ ಲೆಕ್ಕವೇ ಬೇರೆ. ಆಗ ಆ ಪೆನ್ಷನ್‌ಗಳನ್ನು ಇನ್ಶೂರೆನ್ಸ್ ಕಂಪನಿಯಿಂದ ಕೊಳ್ಳಬೇಕು. ಅವರು ಶೇ. 6.25 ಒಪ್ಪಲ್ಲ. ಬಾಂಡ್ ದರ ಹಿಡಿದು, ಖರ್ಚು ಮತ್ತು ಲಾಭ ಸೇರಿಸಿ ಬೆಲೆ ಹೇಳುತ್ತಾರೆ. ನಿಮ್ಮ 1,000 ಕೋಟಿ ಬಾಧ್ಯತೆಗೆ ಅವರ ಬೆಲೆ 1,300 ಅಂತ ಇಟ್ಟುಕೊಳ್ಳಿ. 820ರಿಂದ ಅದರ ಶೇ. 63 ಮಾತ್ರ ಸಿಗುತ್ತೆ. ಅದೂ ಎಲ್ಲರಿಗೂ ಸಮವಾಗಿ ಅಲ್ಲ. ನಿವೃತ್ತರಿಗೆ ಮೊದಲು ಅಂತ ನಿಯಮ ಇದ್ದು ಅವರಿಗೇ 600 ಬೇಕಾದರೆ, ಉಳಿದ 220ರಲ್ಲಿ ಕೆಲಸದಲ್ಲಿರುವವರ 700 ಕೋಟಿಯ ಬಾಧ್ಯತೆ ತೀರಿಸಬೇಕು. ಶೇ. 31.

ಇದು ಬರೀ ಕಾಗದದ ಭಯವಲ್ಲ. ಸ್ಟುಡಿಬೇಕರ್ ಕಾರು ಕಂಪನಿ 1963ರ ಡಿಸೆಂಬರ್‌ನಲ್ಲಿ ಅಮೆರಿಕದ ಸೌತ್ ಬೆಂಡ್ ಕಾರ್ಖಾನೆ ಮುಚ್ಚಿದಾಗ ಹೀಗೇ ಆಯಿತು. ನಿವೃತ್ತರಿಗೂ 60 ದಾಟಿದ ಅರ್ಹರಿಗೂ ಪೂರ್ತಿ ಸಿಕ್ಕಿತು. 40ರಿಂದ 59ರ ಒಳಗಿನ, ಹಕ್ಕು ಪಕ್ಕಾ ಆಗಿದ್ದ ಸುಮಾರು 4,000 ಜನರಿಗೆ ತಮ್ಮ ಪೆನ್ಷನ್‌ನ ಬೆಲೆಯ ಸುಮಾರು ಶೇ. 15 ಸಿಕ್ಕಿತು. ಅದಕ್ಕಿಂತ ಚಿಕ್ಕವರಿಗೆ ಏನೂ ಸಿಗಲಿಲ್ಲ. ಅಲ್ಲಿ ಪೆನ್ಷನ್ ಹಕ್ಕು ಕಾಯುವ ಕಾನೂನು ಬೇಕು ಅನ್ನುವ ಕೂಗಿಗೆ ಈ ಘಟನೆ ದೊಡ್ಡ ಕಾರಣವಾಯಿತು. 1974ರಲ್ಲಿ ಆ ಕಾನೂನು ಬಂತು, ಕಂಪನಿ ಮುಳುಗಿದರೆ ಒಂದು ಮಿತಿಯವರೆಗೆ ಪೆನ್ಷನ್ ಕೊಡುವ ವಿಮಾ ಸಂಸ್ಥೆಯೂ ಹುಟ್ಟಿತು. ಬ್ರಿಟನ್‌ನಲ್ಲೂ ಅಂಥದ್ದೊಂದು ನಿಧಿ ಇದೆ. ಎಲ್ಲ ದೇಶಗಳಲ್ಲೂ ಇಲ್ಲ. ನಿಮ್ಮ ಫಂಡ್‌ಗೆ ಅಂಥ ರಕ್ಷಣೆ ಇದೆಯಾ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಬೆಳ್ಳಿಚುಕ್ಕಿ

ನನಗೆ 51. ಅಂದರೆ ಆ ಮಧ್ಯದ ಗುಂಪಿನಲ್ಲೇ ಇದ್ದೀನಿ. ಸಂಸ್ಥೆ ಸದ್ಯಕ್ಕೆ ಲಾಭದಲ್ಲೇ ಇದೆ, ಆದರೆ ಇನ್ನು ಒಂಬತ್ತು ವರ್ಷದಲ್ಲಿ ಏನಾಗುತ್ತೋ ಯಾರಿಗೆ ಗೊತ್ತು. ಮುಂದಿನ ತಿಂಗಳು ಟ್ರಸ್ಟಿಗಳ ಸಭೆ ಇದೆ. ಹೊರಗೆ ಹೋಗುವ ವಿಚಾರ ಸದ್ಯಕ್ಕೆ ಬಿಟ್ಟಿದ್ದೇನೆ. ಅಲ್ಲಿ ಏನು ಕೇಳಲಿ?

ಕಡತ

ಹೆಚ್ಚೇನೂ ಕೇಳಬೇಡಿ ಮೇಡಂ, ಹತ್ತು ಪ್ರಶ್ನೆ ಕೇಳಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಸಿಗುತ್ತೆ. ವರ್ಷಕ್ಕೆ 10 ಕೋಟಿ ಕೊಟ್ಟರೆ ಐದು ವರ್ಷದ ನಂತರ ಕೊರತೆ ಎಷ್ಟಿರುತ್ತೆ, ಆಕ್ಚುಯರಿಯಿಂದ ಬರೆಸಿ ಕೊಡಿ ಅಂತ ಕೇಳಿ. ಇವತ್ತೇ ಮುಚ್ಚಿದರೆ ಅನುಪಾತ ಎಷ್ಟು ಅಂತ ಕೇಳಿ. ಪತ್ರದಲ್ಲಿ ಅದು ಇಲ್ಲದಿದ್ದರೂ ಆ ಲೆಕ್ಕ ಮಾಡಿಸಿಕೊಡಬಹುದು. ಎರಡೂ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಲಿ ಅಂತ ಒತ್ತಾಯ ಮಾಡಿ.

ಲೆಕ್ಕದಮನೆ

ಅದರ ಜೊತೆ ಇನ್ನೊಂದು ಸಣ್ಣ ವಿಷಯ. 820 ಕೋಟಿ ಅನ್ನುವುದು ಮಾರುಕಟ್ಟೆ ಬೆಲೆಯಾ, ಅಥವಾ ಕೆಲವು ವರ್ಷದ ಏರಿಳಿತವನ್ನು ಹದ ಮಾಡಿದ ಬೆಲೆಯಾ ಅಂತ ನೋಡಿ. ವರದಿಯಲ್ಲಿ ಆಸ್ತಿಯ ಅಧ್ಯಾಯದ ಮೊದಲ ಪುಟದಲ್ಲೇ ಸಾಮಾನ್ಯವಾಗಿ ಇರುತ್ತೆ. ಹದ ಮಾಡಿದ್ದಾದರೆ ಹಿಂದಿನ ನಷ್ಟದ ಒಂದಿಷ್ಟು ಭಾಗ ಇನ್ನೂ ಲೆಕ್ಕಕ್ಕೆ ಬಂದಿಲ್ಲದೇ ಇರಬಹುದು, ಆಗ ಮುಂದಿನ ವ್ಯಾಲ್ಯುಯೇಷನ್‌ನಲ್ಲಿ ಅನುಪಾತ ಮತ್ತೆ ಇಳಿಯುತ್ತೆ.

ಬೆಳ್ಳಿಚುಕ್ಕಿ

ನೋಡಿದೆ. ಐದು ವರ್ಷದ ಸರಾಸರಿ ಅಂತಿದೆ. ಮಾರುಕಟ್ಟೆ ಬೆಲೆ 797 ಕೋಟಿ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಕೊಟ್ಟಿದ್ದಾರೆ.

ಲೆಕ್ಕದಮನೆ

ಹಾಗಾದರೆ ಮಾರುಕಟ್ಟೆ ಬೆಲೆಯಲ್ಲಿ ನೀವು ಈಗಾಗಲೇ ಶೇ. 80ರ ಕೆಳಗಿದ್ದೀರಿ. ಉಳಿದ 23 ಕೋಟಿ ಯಾವ ವರ್ಷ ಎಷ್ಟು ಲೆಕ್ಕಕ್ಕೆ ಬರುತ್ತೆ ಅನ್ನುವ ಪಟ್ಟಿಯನ್ನೂ ಸಭೆಯಲ್ಲಿ ಕೇಳಿ. ಸಿಕ್ಕಿದ್ದನ್ನು ಇಲ್ಲಿ ಹಾಕಿ, ಮುಂದಿನ ಲೆಕ್ಕ ಕೂತು ಮಾಡೋಣ.